ಮೊಟ್ಟೆಯ ಚಿಪ್ಪು ಕಟ್ಟುವುದು ರಾತ್ರಿ: ಮನೆಯ ಕೋಳಿಗೆ ಕ್ಯಾಲ್ಸಿಯಂ ಎಷ್ಟು, ಯಾವಾಗ, ಯಾವ ರೂಪದಲ್ಲಿ?

ಮಾರ್ಚ್ ಕಳೆದು ಸೆಕೆ ಏರಿತು ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕೋಳಿ ಸಾಕುವ ಮನೆಗಳಲ್ಲಿ ಒಂದೇ ದೂರು. ಮೊಟ್ಟೆ ಕೈಯಲ್ಲಿ ಹಿಡಿದರೆ ಒಡೆಯುತ್ತದೆ. ಒಂದು ದೊಡ್ಡದು, ಒಂದು ಸಣ್ಣದು. ಅಂಗಡಿಯವರು ಬೇಡ ಅನ್ನುತ್ತಾರೆ. ಮೊದಲು ಮನೆಗೆ ನಾಲ್ಕು ಊರುಕೋಳಿ ಇರುತ್ತಿದ್ದವು. ವಾರಕ್ಕೆರಡು ಮೊಟ್ಟೆ ಒಡೆದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ತೋಟದ ಬದಿಯಲ್ಲಿ ಕಬ್ಬಿಣದ ಪಂಜರ ಇಟ್ಟು 20-30 ಬಿವಿ 380 ತಳಿಯ ಕೋಳಿ ಸಾಕುವವರು ಜಾಸ್ತಿ. ಕಂದು ಮೊಟ್ಟೆ ಇಡುವ ಈ ತಳಿ ಹೆಚ್ಚುಕಡಿಮೆ ದಿನಕ್ಕೊಂದು ಮೊಟ್ಟೆ ಇಡುತ್ತದೆ. ಹಾಗಾಗಿ ತಿನ್ನಿಸುವುದರಲ್ಲಿ ಆಗುವ ಸಣ್ಣ ತಪ್ಪೂ ಚಿಪ್ಪಿನಲ್ಲಿ ಬೇಗ ಕಾಣುತ್ತದೆ.

ನಮ್ಮ ಪಕ್ಕದ ಮನೆಯ ಅಕ್ಕ 24 ಕೋಳಿ ಸಾಕಿದ್ದಾರೆ. ಏಪ್ರಿಲ್‌ನಲ್ಲಿ ಒಂದು ದಿನ ಬುಟ್ಟಿ ಹಿಡಿದುಕೊಂಡು ಬಂದರು. "ಇದೆಂಥದ್ದು ಮಾರಾಯ್ರೆ, ಲೇಯರ್ ಫೀಡೇ ಹಾಕ್ತಾ ಇದ್ದೇನೆ, ಆದ್ರೂ ಚಿಪ್ಪು ಕಾಗದದ ಹಾಗೆ!" ಅಂದರು. ಅವರ ಮನೆಯಲ್ಲಿ ಆದದ್ದನ್ನೇ ಇಟ್ಟುಕೊಂಡು ವಿಷಯ ಬಿಡಿಸಿ ಹೇಳುತ್ತೇನೆ. ಬೇರೆ ಮನೆಗಳಲ್ಲೂ ನಾನು ನೋಡಿದ್ದು ಹೆಚ್ಚಾಗಿ ಇದೇ ಕತೆ.

## ಒಂದು ಚಿಪ್ಪಿನಲ್ಲಿ ಏನಿದೆ?

ಸುಮಾರು 58 ಗ್ರಾಂ ತೂಗುವ ಮೊಟ್ಟೆಯಲ್ಲಿ ಚಿಪ್ಪಿನ ಪಾಲು ಐದೂವರೆ ಗ್ರಾಂ. ಅದರಲ್ಲಿ ನೂರಕ್ಕೆ 94-95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೆಸರು ದೊಡ್ಡದು, ವಸ್ತು ನಮಗೆ ಗೊತ್ತಿರುವುದೇ. ಕುಂಬಳೆ ಕಡಲ ಬದಿಯಲ್ಲಿ ಸಿಗುವ ಮರುವಾಯಿಯ ಚಿಪ್ಪು, ಪಡನ್ನದ ಹಿನ್ನೀರಿನಲ್ಲಿ ಬೆಳೆಸುವ ಪಚ್ಚಿಲೆಯ ಚಿಪ್ಪು, ಸುಣ್ಣದ ಕಲ್ಲು, ಎಲ್ಲವೂ ಬಹುಪಾಲು ಇದೇ ವಸ್ತು. ಅದರೊಳಗೆ ಕ್ಯಾಲ್ಸಿಯಂ ಇರುವುದು ನೂರಕ್ಕೆ 38-40 ಪಾಲು. ಅಂದರೆ ಒಂದು ಚಿಪ್ಪು ಕಟ್ಟಲು ಕೋಳಿ ತನ್ನ ರಕ್ತದಿಂದ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇಳಿಸಬೇಕು.

2 ಗ್ರಾಂ ಬೇಕು ಅಂತ 2 ಗ್ರಾಂ ತಿಂದರೆ ಸಾಲದು. ತಿಂದ ಕ್ಯಾಲ್ಸಿಯಂನಲ್ಲಿ ಅರ್ಧದಷ್ಟೋ ಸ್ವಲ್ಪ ಜಾಸ್ತಿಯೋ ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಉಳಿದದ್ದು ಹಿಕ್ಕೆಯಲ್ಲಿ ಹೋಗುತ್ತದೆ. ಆದ್ದರಿಂದ ದಿನಕ್ಕೆ 4 ಗ್ರಾಂ ಹೊಟ್ಟೆಗೆ ಹೋಗಬೇಕು. ಮೊಟ್ಟೆ ಇಡುವ ಕೋಳಿ ದಿನಕ್ಕೆ ತಿನ್ನುವುದು 110 ಗ್ರಾಂ ಆಸುಪಾಸು. ಆ 110 ಗ್ರಾಂನೊಳಗೆ 4 ಗ್ರಾಂ ಸಿಗಬೇಕಾದರೆ ಆಹಾರದಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು ಕ್ಯಾಲ್ಸಿಯಂ ಇರಬೇಕು. ಲೇಯರ್ ಫೀಡ್ ಅಥವಾ ಲೇಯರ್ ಮ್ಯಾಶ್ ಅಂತ ಚೀಲದಲ್ಲಿ ಸಿಗುವ ಪುಡಿ ಆಹಾರವನ್ನು ಈ ಲೆಕ್ಕ ಇಟ್ಟುಕೊಂಡೇ ಬೆರೆಸಿರುತ್ತಾರೆ.

ಅಕ್ಕಿ, ಜೋಳ, ತೌಡು, ಹಿಂಡಿ, ಇವುಗಳಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಈ ಮಾತು ನೆನಪಿರಲಿ. ಅಕ್ಕನ ಮನೆಯ ಕತೆ ಇಲ್ಲಿಂದಲೇ ಶುರು.

## ಹಗಲು ತಿನ್ನುವುದು, ರಾತ್ರಿ ಕಟ್ಟುವುದು

ಕೋಳಿ ಬೆಳಿಗ್ಗೆ ಎಂಟು ಗಂಟೆಗೆ ಮೊಟ್ಟೆ ಇಟ್ಟಿತು ಅಂದುಕೊಳ್ಳಿ. ಅರ್ಧ ಗಂಟೆಯೊಳಗೆ ಮುಂದಿನ ಹಳದಿ ಮೊಟ್ಟೆಯ ಕೊಳವೆಗೆ ಇಳಿಯುತ್ತದೆ. ಅದಕ್ಕೆ ಬಿಳಿ ಲೋಳೆ, ತೆಳ್ಳಗಿನ ಪೊರೆ ಸುತ್ತಿಕೊಳ್ಳಲು ನಾಲ್ಕೈದು ಗಂಟೆ. ಮಧ್ಯಾಹ್ನದ ಹೊತ್ತಿಗೆ ಚಿಪ್ಪು ಕಟ್ಟುವ ಜಾಗಕ್ಕೆ ಬಂದು ಸುಮಾರು 20 ಗಂಟೆ ಅಲ್ಲೇ ಇರುತ್ತದೆ. ಮೊದಲ ಕೆಲವು ಗಂಟೆ ಚಿಪ್ಪಿನ ಕೆಲಸ ನಿಧಾನ. ಸಂಜೆಯ ನಂತರ ಕೆಲಸ ಜೋರಾಗುತ್ತದೆ, ನಡುರಾತ್ರಿ ದಾಟಿ ಬೆಳಗಿನ ಜಾವದ ತನಕ ನಡೆಯುತ್ತದೆ.

ತೊಡಕು ಇರುವುದು ಇಲ್ಲೇ. ಕತ್ತಲಾದ ಮೇಲೆ ಕೋಳಿ ತಿನ್ನುವುದಿಲ್ಲ. ಮನೆಯ ತಾರಸಿಗೆ ಸ್ಲ್ಯಾಬ್ ಹಾಕುವ ದಿನವನ್ನು ನೆನಪಿಸಿಕೊಳ್ಳಿ. ಕಾಂಕ್ರೀಟ್ ಶುರುವಾದ ಮೇಲೆ ಜಲ್ಲಿ ಮುಗಿಯಿತು ಅಂತ ನಿಲ್ಲಿಸಲಿಕ್ಕೆ ಆಗುವುದಿಲ್ಲ. ಬೇಕಾದಷ್ಟು ಮೊದಲೇ ಅಂಗಳದಲ್ಲಿ ರಾಶಿ ಬಿದ್ದಿರಬೇಕು. ಕೋಳಿಗೂ ಹಾಗೆಯೇ. ರಾತ್ರಿಗೆ ಬೇಕಾದ ಕ್ಯಾಲ್ಸಿಯಂ ಸಂಜೆಯೇ ಹೊಟ್ಟೆಯೊಳಗೆ ಕೂಡಿರಬೇಕು.

ಕ್ಯಾಲ್ಸಿಯಂ ಯಾವ ರೂಪದಲ್ಲಿದೆ ಅನ್ನುವುದು ಇಲ್ಲಿ ಮುಖ್ಯವಾಗುತ್ತದೆ. ಬಾಯಿಗೆ ಸಕ್ಕರೆ ಹಾಕಿದರೆ ಎರಡು ನಿಮಿಷದಲ್ಲಿ ಕರಗಿತು. ಕಲ್ಲುಸಕ್ಕರೆ ಹಾಕಿದರೆ ತುಂಬಾ ಹೊತ್ತು ಇರುತ್ತದೆ, ಅಲ್ವಾ? ನುಣ್ಣಗಿನ ಕಲ್ಲುಪುಡಿ ಸಕ್ಕರೆಯ ಹಾಗೆ. ಬೇಗ ಕರಗಿ ಬೇಗ ಮುಂದೆ ಸಾಗುತ್ತದೆ. ಬೆಳಿಗ್ಗೆ ತಿಂದ ಪುಡಿ ರಾತ್ರಿಗೆ ಉಳಿಯುವುದಿಲ್ಲ. ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಚಿಪ್ಪಿನ ಚೂರು ಕಲ್ಲುಸಕ್ಕರೆಯ ಹಾಗೆ. ಅದು ಕೋಳಿಯ ಅರೆಯುವ ಚೀಲದಲ್ಲಿ, ಅಂದರೆ ಮಾಂಸದಂಗಡಿಯಲ್ಲಿ ಗಿಜರ್ಡ್ ಅಂತ ಕೊಡುತ್ತಾರಲ್ಲ, ಆ ಗಟ್ಟಿ ಚೀಲದಲ್ಲಿ ಉಳಿದುಕೊಳ್ಳುತ್ತದೆ. ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತಾ ರಕ್ತಕ್ಕೆ ಸೇರುತ್ತದೆ.

ಆಹಾರದಿಂದ ಬರುವುದು ಸಾಲದಿದ್ದರೆ ಕೋಳಿ ತನ್ನ ಎಲುಬಿನಿಂದ ತೆಗೆಯುತ್ತದೆ. ಮೊದಲ ಮೊಟ್ಟೆಗೆ ಎರಡು ವಾರ ಮುಂಚೆ ಅದರ ಕಾಲಿನ ಉದ್ದ ಎಲುಬುಗಳ ಒಳಗೆ ವಿಶೇಷವಾದ ಮೆತ್ತನೆಯ ಎಲುಬು ಬೆಳೆಯಲು ಶುರುವಾಗುತ್ತದೆ. ರಾತ್ರಿ ಅಲ್ಲಿಂದ ಸಾಲ ತೆಗೆದು ಹಗಲು ತೀರಿಸುವುದು ಮಾಮೂಲಿ ವ್ಯವಹಾರ. ದಿನವೂ ತೆಗೆದು ತೀರಿಸದೇ ಹೋದರೆ ಗಟ್ಟಿ ಎಲುಬೂ ಸವೆಯುತ್ತದೆ. ಪಂಜರದಲ್ಲಿ ಇದ್ದಕ್ಕಿದ್ದಂತೆ ಕಾಲು ಚಾಚಿ ಮಲಗುವ, ಎದ್ದು ನಿಲ್ಲಲಾಗದ ಕೋಳಿಯನ್ನು ನೋಡಿದ್ದರೆ ಅದಕ್ಕೆ ಇದೂ ಒಂದು ಕಾರಣ. ಚಿಪ್ಪು ತೆಳುವಾದಾಗ ನಮಗೆ ಮೊಟ್ಟೆಯ ನಷ್ಟ ಕಾಣುತ್ತದೆ. ಒಳಗೆ ಕೋಳಿಯ ಎಲುಬು ಕರಗುತ್ತಿರುವುದು ಕಾಣುವುದಿಲ್ಲ. ನನಗೆ ಹೆಚ್ಚು ಸಂಕಟವಾಗುವುದು ಅದಕ್ಕೇ.

## ಅಕ್ಕನ ಮನೆಯ ಲೆಕ್ಕ

24 ಕೋಳಿ, ವಯಸ್ಸು ಸುಮಾರು 40 ವಾರ. ದಿನಕ್ಕೆ 20 ಮೊಟ್ಟೆ. ಹತ್ತು ಮೊಟ್ಟೆ ಒಟ್ಟಿಗೆ ತೂಗಿದೆವು: 540 ಗ್ರಾಂ. ಎರಡು ತಿಂಗಳ ಹಿಂದೆ ಅದೇ ಹತ್ತು ಮೊಟ್ಟೆ 580 ಗ್ರಾಂ ಬರುತ್ತಿತ್ತು ಅಂತ ಅಕ್ಕನೇ ಅಂದರು. ಒಂದೊಂದಾಗಿ ತೂಗಿದಾಗ ಕೆಲವು 48, ಕೆಲವು 60. ಆಮೇಲೆ ಹತ್ತನ್ನೂ ಒಡೆದು, ಚಿಪ್ಪಿಗೆ ಅಂಟಿದ ಲೋಳೆ ತೊಳೆದು, ಒಂದು ದಿನ ಬಿಸಿಲಿಗೆ ಒಣಗಿಸಿ ತೂಗಿದೆವು. 44 ಗ್ರಾಂ. ಚಿಪ್ಪು ಮೊಟ್ಟೆಯ ತೂಕದಲ್ಲಿ ನೂರಕ್ಕೆ 9-10 ಪಾಲು ಇರಬೇಕು. ಇಲ್ಲಿ 8ರ ಆಸುಪಾಸಿಗೆ ಇಳಿದಿತ್ತು. ಅಡುಗೆಮನೆಯ ತಕ್ಕಡಿ ಸಾಕು, ನೀವೂ ಮಾಡಿ ನೋಡಬಹುದು. ಒಂದೇ ಚಿಪ್ಪನ್ನು ತೂಗಿದರೆ ಆ ತಕ್ಕಡಿಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ಹತ್ತು ಒಟ್ಟಿಗೆ ತೂಗಬೇಕು.

"ಏನು ಹಾಕ್ತೀರಿ ಅಕ್ಕಾ, ಅಳತೆ ಹೇಳಿ" ಅಂತ ಕೇಳಿದೆ. ಫೀಡಿನ ಬೆಲೆ ಏರಿದ ಮೇಲೆ ಅವರು ದಿನಕ್ಕೆ 1.6 ಕಿಲೋ ಲೇಯರ್ ಮ್ಯಾಶ್ ಮಾತ್ರ ಹಾಕುತ್ತಿದ್ದರು. ಉಳಿದ ಹೊಟ್ಟೆ ತುಂಬಿಸಲು 600 ಗ್ರಾಂ ತೌಡು, ಮತ್ತೆ ಒಂದು ಕಿಲೋ ಕುಚ್ಚಲಕ್ಕಿ ಅನ್ನ ಕಲಸಿ ಕೊಡುತ್ತಿದ್ದರು. ಕೋಳಿಗಳು ಚಂದ ತಿನ್ನುತ್ತಿದ್ದವು. ಹೊಟ್ಟೆಗೆ ಕಡಿಮೆಯಿರಲಿಲ್ಲ.

ಚೀಲದ ಮೇಲೆ ಕ್ಯಾಲ್ಸಿಯಂ ಶೇಕಡಾ 3.5 ಅಂತ ಬರೆದಿತ್ತು. 1,600 ಗ್ರಾಂಗೆ 56 ಗ್ರಾಂ ಆಯಿತು. ತೌಡು, ಅನ್ನದಿಂದ ಸೇರಿದ್ದು ಲೆಕ್ಕಕ್ಕೇ ಇಲ್ಲ. ಈ 56ರಲ್ಲಿ ನೂರಕ್ಕೆ 60 ಪಾಲು ರಕ್ತಕ್ಕೆ ಸೇರಿತು ಅಂತ ಧಾರಾಳವಾಗಿ ಹಿಡಿದರೂ 34 ಗ್ರಾಂ. ಒಂದಕ್ಕೆ 2.1 ಗ್ರಾಂ ಲೆಕ್ಕದಲ್ಲಿ ಇಪ್ಪತ್ತು ಒಳ್ಳೆಯ ಚಿಪ್ಪಿಗೆ ಬೇಕಾದದ್ದು 42 ಗ್ರಾಂ. ಪ್ರತಿದಿನ 8 ಗ್ರಾಂ ಖೋತಾ. ಅದರಲ್ಲಿ ಸ್ವಲ್ಪ ಎಲುಬಿನಿಂದ ಹೋಯಿತು, ಉಳಿದದ್ದು ಚಿಪ್ಪಿನ ದಪ್ಪದಿಂದ ಹೋಯಿತು.

"ಹಾಗಾದ್ರೆ ಫೀಡ್ ಕೆಟ್ಟದ್ದಲ್ವಾ?" ಅಂದರು ಅಕ್ಕ. ಅಲ್ಲ. ಫೀಡು ಸರಿಯೇ ಇತ್ತು, ಅದಕ್ಕೆ ಬೇರೆ ತಿಂಡಿ ಬೆರೆಸಿ ತೆಳು ಮಾಡಿದ್ದು ತೊಂದರೆ. ಹಾಲಿಗೆ ನೀರು ಬೆರೆಸಿದರೆ ಲೋಟ ತುಂಬುತ್ತದೆ, ಕೆನೆ ಕಟ್ಟುವುದಿಲ್ಲ.

ತೌಡಿನ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ರಂಜಕ ಬಹಳ. ಆದರೆ ಬಹುಪಾಲು ಕೋಳಿಗೆ ಜೀರ್ಣವಾಗದ ರೂಪದಲ್ಲಿದೆ, ಮೇಲಾಗಿ ಆ ರೂಪ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಂಡು ಹಿಕ್ಕೆಯ ಜೊತೆ ಹೊರಗೆ ಒಯ್ಯುತ್ತದೆ. ಅನ್ನ ಕ್ಯಾಲ್ಸಿಯಂ ಕೊಡುವುದಿಲ್ಲ, ಅಷ್ಟೆ. ತೌಡು ಇದ್ದದ್ದನ್ನೂ ಸ್ವಲ್ಪ ಕಿತ್ತುಕೊಳ್ಳುತ್ತದೆ.

## ಗಾತ್ರ ಏಕೆ ಏರಿಳಿಯಿತು?

ಚಿಪ್ಪಿಗೂ ಗಾತ್ರಕ್ಕೂ ಕಾರಣ ಬೇರೆ ಬೇರೆ. ಕ್ಯಾಲ್ಸಿಯಂ ಜಾಸ್ತಿ ಕೊಟ್ಟರೆ ಮೊಟ್ಟೆ ದೊಡ್ಡದಾಗುವುದಿಲ್ಲ. ಮೊಟ್ಟೆಯ ಗಾತ್ರ ನಿಂತಿರುವುದು ಒಳಗಿನ ಬಿಳಿ ಮತ್ತು ಹಳದಿಯ ಮೇಲೆ. ಅವಕ್ಕೆ ಬೇಕಾದದ್ದು ಪ್ರೋಟೀನ್, ಅದರಲ್ಲೂ ಮಿಥಿಯೋನಿನ್ ಅನ್ನುವ ಒಂದು ತುಣುಕು. ಪ್ರೋಟೀನನ್ನು ಹಲವು ಬಗೆಯ ಮಣಿಗಳ ಮಾಲೆ ಅಂದುಕೊಂಡರೆ ಮಿಥಿಯೋನಿನ್ ಅದರಲ್ಲೊಂದು ಬಗೆಯ ಮಣಿ. ಆ ಮಣಿ ಮುಗಿದ ಕೂಡಲೇ ಮಾಲೆ ಕಟ್ಟುವುದು ನಿಲ್ಲುತ್ತದೆ, ಬೇರೆ ಮಣಿ ಎಷ್ಟೇ ಇದ್ದರೂ. ಜೋಳ ಮತ್ತು ಸೋಯಾ ಹಿಂಡಿಯಲ್ಲಿ ಇದು ಸಾಲದ್ದಕ್ಕೆ ಫೀಡ್ ಮಾಡುವವರು ಬೇರೆಯಾಗಿ ಸೇರಿಸುತ್ತಾರೆ. ಅನ್ನದಲ್ಲಿ ಪ್ರೋಟೀನೇ ಕಡಿಮೆ. ತೆಂಗಿನ ಹಿಂಡಿಯಲ್ಲಿ ಪ್ರೋಟೀನ್ ಇದ್ದರೂ ಈ ಮಣಿ ಮತ್ತು ಇನ್ನೂ ಕೆಲವು ಕಡಿಮೆ. ಹಾಗಾಗಿ ಹಿಂಡಿ ಹಾಕಿ ಸರಿದೂಗಿಸುತ್ತೇನೆ ಅನ್ನುವುದು ಪೂರ್ತಿ ನಡೆಯುವುದಿಲ್ಲ.

ಒಂದು ಕೋಳಿಗೆ ದಿನಕ್ಕೆ ಸುಮಾರು 18 ಗ್ರಾಂ ಪ್ರೋಟೀನ್ ಬೇಕು. ಅಕ್ಕ ಕೊಡುತ್ತಿದ್ದುದರಲ್ಲಿ 15-16 ಗ್ರಾಂ ಆಗುತ್ತಿತ್ತು. ಅದೂ ಎಲ್ಲ ಕೋಳಿಗೂ ಸಮನಾಗಿ ಅಲ್ಲ. ಅನ್ನ ಕಲಸಿ ಹಾಕಿದಾಗ ಜೋರಿನ ಕೋಳಿಗಳು ಅನ್ನದ ಅಗುಳನ್ನು ಮೊದಲು ಹೆಕ್ಕುತ್ತವೆ, ಉಳಿದವಕ್ಕೆ ಪುಡಿ ಉಳಿಯುತ್ತದೆ. ಅನ್ನ ಜಾಸ್ತಿ ತಿಂದದ್ದರ ಮೊಟ್ಟೆ 48 ಗ್ರಾಂ, ಫೀಡು ಜಾಸ್ತಿ ಸಿಕ್ಕಿದ್ದರ ಮೊಟ್ಟೆ 60 ಗ್ರಾಂ. ಒಂದೇ ಪಂಜರದಲ್ಲಿ ಅಷ್ಟು ವ್ಯತ್ಯಾಸ ಬಂದದ್ದು ಹೀಗೆ.

ಬರಿ ಮ್ಯಾಶ್ ಹಾಕಿದಾಗಲೂ ಕೋಳಿ ದಪ್ಪ ಚೂರನ್ನು ಮೊದಲು ಕುಕ್ಕುತ್ತದೆ. ತೊಟ್ಟಿಯ ತಳದಲ್ಲಿ ನುಣ್ಣಗಿನ ಹುಡಿ ಉಳಿಯುತ್ತದೆ. ವಿಟಮಿನ್, ಮಿಥಿಯೋನಿನ್ ಇರುವುದು ಆ ಹುಡಿಯಲ್ಲೇ. ಅದರ ಮೇಲೆಯೇ ಹೊಸ ಫೀಡ್ ಸುರಿಯುತ್ತಾ ಹೋದರೆ ಹುಡಿ ತಳದಲ್ಲೇ ಮುಗ್ಗುತ್ತದೆ. ದಿನಕ್ಕೊಮ್ಮೆ, ಹೆಚ್ಚಾಗಿ ಮಧ್ಯಾಹ್ನ, ತೊಟ್ಟಿ ಪೂರ್ತಿ ಖಾಲಿಯಾಗಲು ಬಿಡಿ. ಗಾತ್ರ ಸಮನಾಗಿ ಬರಲು ಇಷ್ಟು ಸಣ್ಣ ಕೆಲಸ ಎಷ್ಟು ಉಪಕಾರ ಮಾಡುತ್ತದೆ ಅಂತ ಮಾಡಿ ನೋಡಿದವರಿಗೇ ಗೊತ್ತು.

ವಯಸ್ಸಿನಿಂದ ಆಗುವ ವ್ಯತ್ಯಾಸವೂ ಒಂದಿದೆ. ಹೊಸದಾಗಿ ಇಡುವ ಕೋಳಿಯ ಮೊಟ್ಟೆ ಸಣ್ಣದು. ವಯಸ್ಸಾದ ಹಾಗೆ ದೊಡ್ಡದಾಗುತ್ತದೆ. ಆದರೆ ಚಿಪ್ಪಿಗೆ ಇಳಿಸುವ ಕ್ಯಾಲ್ಸಿಯಂ ಅಷ್ಟೇ ಇರುತ್ತದೆ. ಬಲೂನು ಊದಿದ ಹಾಗೆ, ಅದೇ ಚಿಪ್ಪು ದೊಡ್ಡ ಮೊಟ್ಟೆಗೆ ಹರಡಿ ತೆಳುವಾಗುತ್ತದೆ. 60 ವಾರ ದಾಟಿದ ಕೋಳಿಯ ಚಿಪ್ಪು ಸ್ವಲ್ಪ ತೆಳುವಾದರೆ ಅದು ಸಹಜ. 40 ವಾರಕ್ಕೇ ಕಾಗದದ ಹಾಗಾದರೆ ಸಹಜವಲ್ಲ.

## ಗ್ರಿಟ್ ಅಂದರೆ ಎರಡು ಬೇರೆ ವಸ್ತು

ಗ್ರಿಟ್ ಅನ್ನುವ ಹೆಸರು ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಒಂದು ಅರೆಯುವ ಕಲ್ಲು, ಇನ್ನೊಂದು ಕರಗುವ ಚಿಪ್ಪು. ಎರಡನ್ನೂ ಗ್ರಿಟ್ ಅಂತಲೇ ಕರೆಯುತ್ತಾರೆ.

ಕೋಳಿಗೆ ಹಲ್ಲಿಲ್ಲ. ಗಟ್ಟಿ ಕಾಳು, ಹುಲ್ಲು, ಹುಳ ತಿಂದರೆ ಅರೆಯುವ ಚೀಲದಲ್ಲಿರುವ ಕಲ್ಲಿನ ಚೂರುಗಳೇ ಅದನ್ನು ಅರೆಯಬೇಕು. ಅದಕ್ಕೆ ಬೇಕಾದ್ದು ಕಗ್ಗಲ್ಲಿನ ಚೂರು, ಬಿಳಿ ಬೆಣಚುಕಲ್ಲಿನ ಚೂರು. ಇದು ಹೊಟ್ಟೆಯಲ್ಲಿ ಕರಗುವುದಿಲ್ಲ, ಕ್ಯಾಲ್ಸಿಯಂ ಕೊಡುವುದೂ ಇಲ್ಲ. ತೋಟದಲ್ಲಿ ತಿರುಗಾಡುವ ಕೋಳಿ ಇದನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಪಂಜರದಲ್ಲಿ ಬರಿ ಮ್ಯಾಶ್ ತಿನ್ನುವ ಕೋಳಿಗೆ ಇದರ ಅಗತ್ಯ ಅಷ್ಟಿಲ್ಲ, ಆಹಾರ ಆಗಲೇ ಪುಡಿಯಾಗಿದೆ. ಪಂಜರದೊಳಗೇ ಇಡೀ ಜೋಳ, ಭತ್ತ, ಸೊಪ್ಪು ಕೊಡುವವರು ಮಾತ್ರ ಸಣ್ಣ ಬಟ್ಟಲಲ್ಲಿ ಒಂದು ಹಿಡಿ ಕಲ್ಲಿನ ಚೂರು ಇಡಬೇಕು.

ಇನ್ನೊಂದು ಶೆಲ್ ಗ್ರಿಟ್. ಚಿಪ್ಪನ್ನು ಒಡೆದು ಮಾಡಿದ ಚೂರು. ಇದು ಕರಗುತ್ತದೆ, ಕ್ಯಾಲ್ಸಿಯಂ ಕೊಡುತ್ತದೆ. ಆದರೆ ಕರಗಿಹೋಗುವುದರಿಂದ ಅರೆಯುವ ಕಲ್ಲಿನ ಕೆಲಸ ಹೆಚ್ಚು ದಿನ ಮಾಡಲಾರದು. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ತಂದದ್ದು ಯಾವುದು ಅಂತ ತಿಳಿಯಲು ಒಂದೆರಡು ಚೂರಿಗೆ ನಿಂಬೆರಸ ಅಥವಾ ವಿನೆಗರ್ ಹಾಕಿ. ಚಿಪ್ಪು ಅಥವಾ ಸುಣ್ಣದ ಕಲ್ಲಾದರೆ ಗುಳ್ಳೆ ಬರುತ್ತದೆ. ಬೆಣಚುಕಲ್ಲು, ಕಗ್ಗಲ್ಲು ಸುಮ್ನೆ ಕೂತಿರುತ್ತದೆ. ಲೇಯರ್ ಮ್ಯಾಶ್‌ನಲ್ಲೇ ದಪ್ಪ ಚೂರು ಇದೆಯಾ ಅಂತ ನೋಡಲು ಒಂದು ಹಿಡಿಯನ್ನು ರವೆ ಜರಡಿಯಲ್ಲಿ ಜಾಡಿಸಿ. ಮೇಲೆ ಉಳಿದದ್ದರಲ್ಲಿ ಬಿಳಿ ಗಟ್ಟಿ ಚೂರು ಕಂಡರೆ ನಿಂಬೆರಸ ಹಾಕಿ ಖಾತ್ರಿ ಮಾಡಿಕೊಳ್ಳಿ. ಒಂದೂ ಇಲ್ಲದಿದ್ದರೆ ಎಲ್ಲವೂ ನುಣ್ಣನೆಯ ಕಲ್ಲುಪುಡಿಯೇ, ಶೆಲ್ ಗ್ರಿಟ್ ಹೊರಗಿನಿಂದ ಕೊಡಲೇಬೇಕು.

ಕಡಲ ಬದಿಯವರು ಮರುವಾಯಿ, ಪಚ್ಚಿಲೆ ಚಿಪ್ಪನ್ನು ಮನೆಯಲ್ಲೇ ಒಡೆದುಕೊಳ್ಳಬಹುದು. ಮಾಂಸದ ಚೂರು ಉಳಿಯದ ಹಾಗೆ ಬೇಯಿಸಿ, ಉಪ್ಪು ಹೋಗುವ ತನಕ ಮೂರು ನಾಲ್ಕು ಸಲ ಸಿಹಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕುಟ್ಟಿ. ಉಪ್ಪು ಉಳಿದರೆ ಕೋಳಿ ನೀರು ಜಾಸ್ತಿ ಕುಡಿದು ಹಿಕ್ಕೆ ನೀರಾಗುತ್ತದೆ. ಕುಟ್ಟಿದ್ದನ್ನು ಜರಡಿ ಹಿಡಿದು, ಅಕ್ಕಿಕಾಳಿನ ದಪ್ಪದಿಂದ ಹೆಸರುಕಾಳಿನ ದಪ್ಪದ ವರೆಗಿನದ್ದು ಇಟ್ಟುಕೊಳ್ಳಿ. ಚೂಪು ಸೂಜಿಯ ಹಾಗಿರುವ ಚೂರು ತೆಗೆದುಹಾಕಿ. ಮನೆಯ ಮೊಟ್ಟೆ ಚಿಪ್ಪನ್ನೂ ಹೀಗೆಯೇ ಕೊಡಬಹುದು. ತೊಳೆದು, ಬಾಣಲೆಯಲ್ಲಿ ಗರಿಗರಿಯಾಗುವಷ್ಟು ಹುರಿದು, ಮೊಟ್ಟೆಯ ಗುರುತು ಸಿಗದ ಹಾಗೆ ಒಡೆದರೆ ಸರಿ. ಅರ್ಧ ಚಿಪ್ಪು ಹಾಗೇ ಹಾಕಿದರೆ ಮೊಟ್ಟೆ ಕುಕ್ಕುವ ಚಟ ಹತ್ತಬಹುದು.

## ತೋಟಕ್ಕೆ ತಂದ ಸುಣ್ಣ ಬೇಡ

ನಮ್ಮ ಕಡೆ ಅಡಿಕೆ ಬೆಳೆಯುವ ಪ್ರತಿ ಮನೆಯಲ್ಲೂ ಸುಣ್ಣ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತಿನ ಜೊತೆ ಬೋರ್ಡೋ ದ್ರಾವಣಕ್ಕೆ ಬೇಕು, ವೀಳ್ಯಕ್ಕೂ ಬೇಕು. "ಸುಣ್ಣ ಕ್ಯಾಲ್ಸಿಯಂ ತಾನೇ, ಅದನ್ನೇ ಒಂದು ಚಿಟಿಕೆ ಹಾಕಿದ್ರೆ ಆಗೂದಿಲ್ವಾ?" ಅಂತ ಅಕ್ಕನೂ ಕೇಳಿದರು.

ಆಗುವುದಿಲ್ಲ. ಚಿಪ್ಪನ್ನು ಸುಟ್ಟು ನೀರು ಹಾಕಿ ಮಾಡಿದ ಸುಣ್ಣ ಬೇರೆಯೇ ವಸ್ತುವಾಗಿರುತ್ತದೆ. ಅದು ಸುಡುವ ಕ್ಷಾರ. ವೀಳ್ಯದಲ್ಲಿ ಜಾಸ್ತಿಯಾದರೆ ನಮ್ಮ ನಾಲಿಗೆಯೇ ಸುಡುತ್ತದೆ, ಕೋಳಿಯ ಬಾಯಿ, ಗಂಟಲು ಏನಾದೀತು? ಸುಡದ ಚಿಪ್ಪು, ಸುಡದ ಕಲ್ಲು ಮಾತ್ರ ಕೋಳಿಗೆ ಸರಿ.

ತೋಟದ ಮಣ್ಣಿಗೆ ಹಾಕುವ ಡೋಲೊಮೈಟ್ ಪುಡಿಯೂ ಬೇಡ. ಅದು ಸುಣ್ಣದ ಕಲ್ಲಿನ ಹಾಗೆಯೇ ಕಾಣುತ್ತದೆ, ನಿಂಬೆರಸಕ್ಕೆ ನಿಧಾನವಾಗಿ ಗುಳ್ಳೆಯೂ ಬರುತ್ತದೆ. ಆದರೆ ಅದರಲ್ಲಿ ಮೆಗ್ನೀಸಿಯಂ ಜಾಸ್ತಿ. ಹಿಕ್ಕೆ ನೀರಾಗುತ್ತದೆ, ಚಿಪ್ಪು ಇನ್ನೂ ಕೆಡುತ್ತದೆ.

ಮರಿಗಳಿಗೂ ಒಂದು ಎಚ್ಚರಿಕೆ ಇದೆ. ಮೊಟ್ಟೆಗೆ ಬಾರದ ಮರಿಗೆ ಬೇಕಾಗುವ ಕ್ಯಾಲ್ಸಿಯಂ ನೂರಕ್ಕೆ 1 ಪಾಲು ಮಾತ್ರ. ಒಂದೇ ಚೀಲ ತಂದರೆ ಸುಲಭ ಅಂತ ಅವಕ್ಕೂ ಲೇಯರ್ ಮ್ಯಾಶ್ ಹಾಕಿದರೆ ಹೊರಹಾಕಲಾಗದ ಕ್ಯಾಲ್ಸಿಯಂ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಲೇಯರ್ ಮ್ಯಾಶ್‌ಗೆ ಬದಲಾಯಿಸುವುದು ಜುಟ್ಟು ಕೆಂಪಾಗಿ, ಮೊದಲ ಮೊಟ್ಟೆ ಬರುವ ಹೊತ್ತಿಗೆ.

## ಸೆಕೆಯಲ್ಲಿ ಏಕೆ ಕೆಡುತ್ತದೆ?

ಅಕ್ಕ ಜನವರಿಯಿಂದಲೇ ಅನ್ನ, ತೌಡು ಬೆರೆಸುತ್ತಿದ್ದರು. ಆದರೆ ಚಿಪ್ಪು ಕಾಗದವಾದದ್ದು ಏಪ್ರಿಲ್‌ನಲ್ಲಿ. ಅದಕ್ಕೆ ಕಾರಣ ಸೆಕೆ.

ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ. ಹಾಗೆ ಏದುವಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಅರ್ಧ ಕತೆ, ಕಾರ್ಬೊನೇಟ್ ಇನ್ನರ್ಧ. ಆ ಇನ್ನರ್ಧ ಬರುವುದು ಈ ಡೈಆಕ್ಸೈಡ್‌ನಿಂದಲೇ. ಜಲ್ಲಿ ಇದ್ದೂ ಸಿಮೆಂಟ್ ಕಡಿಮೆಯಾದ ಹಾಗಾಯಿತು. ಜೊತೆಗೆ ಸೆಕೆಗೆ ಕೋಳಿ ತಿನ್ನುವುದೂ ಕಡಿಮೆ. 110 ಗ್ರಾಂ ತಿನ್ನುವುದು 95ಕ್ಕೆ ಇಳಿದರೆ ಅದರ ಜೊತೆ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಇಳಿದವು.

ಇದಕ್ಕೆ ಮಾಡಬೇಕಾದದ್ದು, ತಿನ್ನಿಸುವ ಹೊತ್ತನ್ನು ಬದಲಿಸುವುದು. ಬೆಳಿಗ್ಗೆ ಆರಕ್ಕೆಲ್ಲ ಮೂರನೇ ಒಂದು ಪಾಲು, ಸಂಜೆ ನಾಲ್ಕರ ನಂತರ ಉಳಿದದ್ದು. ನಡುಮಧ್ಯಾಹ್ನ ತಿಂದರೆ ಜೀರ್ಣದ ಬಿಸಿಯೂ ಸೇರಿ ಕೋಳಿ ಇನ್ನಷ್ಟು ಏದುತ್ತದೆ. ನೀರಿನ ಟ್ಯಾಂಕ್, ಪೈಪು ಬಿಸಿಲಿಗೆ ಕಾದಿದ್ದರೆ ಕೋಳಿ ನೀರು ಕುಡಿಯುವುದಿಲ್ಲ, ಕುಡಿಯದೆ ತಿನ್ನುವುದೂ ಇಲ್ಲ. ಅಕ್ಕನ ಮನೆಯಲ್ಲಿ ತಗಡಿನ ಮಾಡಿನ ಮೇಲೆ ಅಡಿಕೆ ಸೋಗೆ ಹಾಸಿದೆವು, ನೀರಿನ ಪೈಪಿಗೆ ಒದ್ದೆ ಗೋಣಿ ಸುತ್ತಿದೆವು.

## ಏನು ಬದಲಿಸಿದೆವು, ಏನಾಯಿತು?

ನಾಲ್ಕು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಅನ್ನ, ತೌಡು ಬಿಡಿಸಿ ದಿನಕ್ಕೆ 2.6 ಕಿಲೋ ಬರಿ ಲೇಯರ್ ಮ್ಯಾಶ್‌ಗೆ ಬಂದೆವು. ಶೆಲ್ ಗ್ರಿಟ್ ಅನ್ನು ಫೀಡಿಗೆ ಬೆರೆಸಲಿಲ್ಲ. ಬೆರೆಸಿದರೆ ಬೇಡದ ಕೋಳಿಯೂ ತಿನ್ನಬೇಕಾಗುತ್ತದೆ. ಕ್ಯಾಲ್ಸಿಯಂ ತೀರಾ ಜಾಸ್ತಿಯಾದ ಫೀಡು ರುಚಿಸದೆ ತಿನ್ನುವುದೇ ಕಡಿಮೆಯಾಗುತ್ತದೆ. ಬೇರೆ ಬಟ್ಟಲಲ್ಲಿ ಇಟ್ಟರೆ ಚಿಪ್ಪು ಕಟ್ಟುವ ಕೋಳಿ ಸಂಜೆ ತಾನೇ ಹುಡುಕಿ ತಿನ್ನುತ್ತದೆ. ಕ್ಯಾಲ್ಸಿಯಂಗೆ ಅದಕ್ಕೆ ಬೇರೆಯೇ ಹಸಿವು ಇದೆ. ಮಧ್ಯಾಹ್ನ ಮೂರರ ನಂತರ ಕೋಳಿಯೊಂದಕ್ಕೆ ಎರಡು ಮೂರು ಗ್ರಾಂ ಲೆಕ್ಕದಲ್ಲಿ 60 ಗ್ರಾಂ ಇಟ್ಟೆವು. ಮೊದಲ ವಾರ ಕತ್ತಲಾಗುವ ಮುಂಚೆಯೇ ಖಾಲಿ. ಎರಡನೇ ವಾರ ಸ್ವಲ್ಪ ಉಳಿಯತೊಡಗಿತು.

ಐದನೇ ದಿನಕ್ಕೆ ಒಡೆಯುವುದು ಕಡಿಮೆಯಾಯಿತು. ಎರಡು ವಾರದ ನಂತರ ಮತ್ತೆ ಹತ್ತು ಚಿಪ್ಪು ತೂಗಿದಾಗ 52 ಗ್ರಾಂ. ಗಾತ್ರ ಸರಿಯಾಗಲು ಇನ್ನೂ ಒಂದು ವಾರ ಹೆಚ್ಚು ಹಿಡಿಯಿತು. ಮೊಟ್ಟೆಯ ಹಳದಿ ತುಂಬಿಕೊಳ್ಳಲು ಹತ್ತು ದಿನದಷ್ಟು ಬೇಕು, ಇಂದು ಕೊಟ್ಟ ಪ್ರೋಟೀನ್ ನಾಳೆಯ ಮೊಟ್ಟೆಯಲ್ಲಿ ಪೂರ್ತಿ ಕಾಣುವುದಿಲ್ಲ.

ದಿನವೂ ಮೊಟ್ಟೆ ಒಡೆದು ತೂಗಲು ಆಗದವರಿಗೆ ಉಪ್ಪುನೀರಿನ ಪರೀಕ್ಷೆ ಇದೆ. ಒಂದು ಲೀಟರ್ ನೀರಿಗೆ 130 ಗ್ರಾಂ ಪುಡಿ ಉಪ್ಪು ಕರಗಿಸಿ. ಅಂದೇ ಇಟ್ಟ, ಬಿರುಕಿಲ್ಲದ ಮೊಟ್ಟೆಯನ್ನು ಅದರಲ್ಲಿ ಬಿಡಿ. ಮೊಟ್ಟೆಯಲ್ಲಿ ಎಲ್ಲಕ್ಕಿಂತ ಭಾರದ ವಸ್ತು ಚಿಪ್ಪು. ಚಿಪ್ಪು ದಪ್ಪಗಿದ್ದರೆ ಮುಳುಗುತ್ತದೆ, ತೆಳುವಾಗಿದ್ದರೆ ತೇಲುತ್ತದೆ. ಹಳೆಯ ಮೊಟ್ಟೆಯಲ್ಲಿ ಗಾಳಿ ತುಂಬಿ ಅದು ಹೇಗೂ ತೇಲುತ್ತದೆ, ಹಾಗಾಗಿ ಅಂದಿನದ್ದೇ ಬೇಕು. ಅಕ್ಕ ಮೊದಲು ಹಾಕಿದಾಗ ಹತ್ತರಲ್ಲಿ ಎಂಟು ತೇಲಿದವು. ಮೂರು ವಾರದ ನಂತರ ತೇಲಿದ್ದು ಎರಡು.

## ಕ್ಯಾಲ್ಸಿಯಂ ಕೊಟ್ಟರೂ ಸರಿಯಾಗದ್ದು

ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಬಿಸಿಲು ಬೀಳದ ಪಂಜರದ ಕೋಳಿಗೆ ಅದು ಫೀಡಿನಿಂದ ಮಾತ್ರ ಸಿಗುತ್ತದೆ. ಫೀಡು ಹಳತಾದರೆ, ಮಳೆಗಾಲದಲ್ಲಿ ತೇವ ಹಿಡಿದು ಬೂಸು ಬಂದರೆ ವಿಟಮಿನ್ ಹೋಗುತ್ತದೆ, ಬೂಸಿನ ವಿಷ ಪಿತ್ತಜನಕಾಂಗದ ಮೇಲೂ ಬೀಳುತ್ತದೆ. ಹಾಗಾಗಿ ಜೂನ್ ಬಂದ ಮೇಲೆ ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟೇ ಚೀಲ ತನ್ನಿ. ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ ಇಡಿ, ಗೋಡೆಗೂ ತಾಗಿಸಬೇಡಿ.

ಇನ್ನು ರೋಗ. ಎರಡು ಮೂರು ದಿನದೊಳಗೆ ಇಡೀ ಗುಂಪಿನ ಮೊಟ್ಟೆ ಕಂದು ಬಣ್ಣ ಕಳೆದುಕೊಂಡು ಬಿಳಚಿದರೆ, ಚಿಪ್ಪಿಲ್ಲದ ಮೊಟ್ಟೆ ಒಟ್ಟೊಟ್ಟಿಗೆ ಬಂದರೆ, ಇಡುವುದು ತಟ್ಟನೆ ಅರ್ಧಕ್ಕೆ ಇಳಿದರೆ, ಸೀನು, ಗೊರಗೊರ ಉಸಿರು ಕೇಳಿದರೆ ಅದು ಕ್ಯಾಲ್ಸಿಯಂ ಕೊರತೆಯ ಲಕ್ಷಣ ಅಲ್ಲ. ಕೊರತೆ ಮೆಲ್ಲಗೆ ಬರುತ್ತದೆ, ವೈರಸ್ ರೋಗ ಹೀಗೆ ಥಟ್ಟನೆ ಬರುತ್ತದೆ. ಅಂಥ ಹೊತ್ತಿಗೆ ಗ್ರಿಟ್ ಬಟ್ಟಲು ನೋಡುತ್ತಾ ಕೂರದೆ ಪಶುವೈದ್ಯರಿಗೆ ತೋರಿಸಿ. ಸತ್ತ ಕೋಳಿ ಇದ್ದರೆ ಹೂಳುವ ಮುಂಚೆ ಫೋನು ಮಾಡಿ ಕೇಳಿ, ಪರೀಕ್ಷೆಗೆ ಅದೇ ಬೇಕಾಗಬಹುದು.

ಅಕ್ಕನ ಕೋಳಿಗಳಲ್ಲಿ ಎರಡು ಈಗಲೂ ಸುಕ್ಕುಸುಕ್ಕಾದ, ಒಂದು ತುದಿ ಒರಟಾದ ಮೊಟ್ಟೆ ಇಡುತ್ತವೆ. ಮರಿಯಲ್ಲಿದ್ದಾಗ ಅವಕ್ಕೆ ಶೀತ ಬಂದಿತ್ತಂತೆ. ಕೆಲವು ಬಗೆಯ ಶೀತದಲ್ಲಿ ಮೊಟ್ಟೆಯ ಕೊಳವೆಗೇ ಪೆಟ್ಟಾಗುತ್ತದೆ, ಅದು ಮತ್ತೆ ಸರಿಯಾಗುವುದಿಲ್ಲ. ಇವಕ್ಕೂ ಹಾಗೆಯೇ ಆಗಿರಬೇಕು. ಆ ಎರಡರ ಮೊಟ್ಟೆಯನ್ನು ಅಕ್ಕ ಅಂಗಡಿಗೆ ಕೊಡುವುದಿಲ್ಲ, ಮನೆಯ ಆಮ್ಲೆಟ್‌ಗೆ ಇಟ್ಟುಕೊಳ್ಳುತ್ತಾರೆ. ಉಳಿದ ಕೋಳಿಗಳ ಬಟ್ಟಲಿಗೆ ದಿನವೂ ಮೂರು ಗಂಟೆಗೆ ಶೆಲ್ ಗ್ರಿಟ್ ಬೀಳುತ್ತದೆ. ಈಗ ಅದು 40 ಗ್ರಾಂ ಸಾಕಾಗುತ್ತಿದೆ.